ಹುಳುಮನೆಗೆ ಒಸಿ ಲೈಟು

ಅಕ್ಕೂರಿನ ಹುಳುಮನೆ ಅವತ್ತು ಶೂಟಿಂಗಿಗೆಂದು ಕ್ಯಾಮೆರಾಮನ್, ಸೌಂಡ್ ರೆಕಾರ್ಡಿಸ್ಟ್ ಮತ್ತು ನಾನು ನೋಡಿದ ಐದನೇ ಜಾಗ. ಮಾಗಡಿ ಕಡೆಯ ಕೋಟೆಗೆ ಮೂರು ಕಚೇರಿಗಳ ಪತ್ರ ಬೇಕಂತೆ. ಕೂಟಗಲ್‌ನಲ್ಲಿ ನೋಡಿದ ತೊಟ್ಟಿಮನೆಗೆ ಮಧ್ಯಾಹ್ನ ಹನ್ನೆರಡಾದರೂ ಬಿಸಿಲು ಇಳಿಯಲಿಲ್ಲ. ಉಳಿದೆರಡು ಜಾಗಗಳ ಬಗ್ಗೆ ಬರೆಯುವಷ್ಟೂ ಇರಲಿಲ್ಲ. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಒಂದೊಂದು ಜಾಗದ ಕೆಳಗೂ ಬೆಳಕು, ಸದ್ದು, ಕರೆಂಟು, ಪರ್ಮಿಷನ್ ಎಂದು ನಾಲ್ಕು ಸಾಲು ಬರೆಯುವುದು ನನ್ನ ಕೆಲಸ. ಆ ಟಿಪ್ಪಣಿ ನೋಡಿ ನಿರ್ದೇಶಕರು ಸ್ಕ್ರಿಪ್ಟನ್ನು ಅಂತಿಮ ಮಾಡುತ್ತಾರೆ. ಜಾಗ ಸಿಗದ ಸೀನು ಹೋಗುತ್ತದೆ.

ಹುಳುಮನೆಯದು ನನ್ನ ಸೀನು. ರೇಷ್ಮೆ ಹುಳುಗಳ ನಡುವೆ ನಿಂತ ಮಗನೊಬ್ಬ ಸತ್ತ ಅಪ್ಪನ ದನಿಯಲ್ಲಿ ಮೂರು ನಿಮಿಷ ಮಾತಾಡುತ್ತಾನೆ. ಬರೆದದ್ದು ನಾನು, ನಟಿಸಬೇಕಾದವನೂ ನಾನು. ಅಲ್ಲಿಯವರೆಗೆ ಡಬ್ಬಿಂಗ್ ಕೋಣೆಯ ಕತ್ತಲಲ್ಲಿ ಸಂತೆಯ ಜನ, ಮುದುಕರು, ಒಂದು ಸಲ ಎಮ್ಮೆ, ಇಷ್ಟಕ್ಕೇ ನನ್ನ ಗಂಟಲು ಬಾಡಿಗೆಗೆ ಹೋಗಿತ್ತು. ಮುಖವನ್ನು ಯಾರೂ ಕೇಳಿರಲಿಲ್ಲ. ಕನ್ನಡಿ ನೋಡಿದಾಗ ಅವರ ಮೇಲೆ ಸಿಟ್ಟು ಬರುತ್ತಿರಲಿಲ್ಲ.

ಹುಳು ಸಾಕುವ ಅಕ್ಕ ಬಾಗಿಲಲ್ಲೇ ನಮ್ಮನ್ನು ತಡೆದು, ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿಸಿದರು. ಆಮೇಲೆ ಮೂಗು ಅರಳಿಸಿ ಕ್ಯಾಮೆರಾಮನ್ ಕಡೆ ತಿರುಗಿದರು.

"ಸೆಂಟ್ ಹೊಡ್ಕೊಂಡಿದ್ದೀಯಲ್ಲಪ್ಪ, ನೀನು ಆಚೆನೇ ಇರು. ಹುಳಕ್ಕೆ ಆಗಲ್ಲ."

ಬೆಳಕು ನೋಡಲು ಬಂದವನು ಹೊರಗೆ ಉಳಿದ. ಅವನ ಬದಲು ನಾನೇ ಲೈಟ್ ಮೀಟರ್ ಹಿಡಿದು ಒಳಗೆ ಹೋದೆ. ಕಿಟಕಿಗಳಿಗೆಲ್ಲ ಹಸಿರು ಬಲೆ, ಮೇಲೆ ಗೋಣಿ ತಾಟು. ಮೀಟರಿನ ಸಂಖ್ಯೆಯನ್ನು ಕೂಗಿ ಹೇಳಿದೆ.

"ಲೇ, ಅದನ್ನ ಸರಿಯಾಗಿ ಹಿಡ್ಕಂಡಿದ್ದೀಯೇನ್ಲಾ? ಇದು ಕತ್ತಲೆ ಕಣ್ಲಾ," ಎಂದ ಹೊರಗಿನಿಂದ.

ಸೌಂಡ್ ರೆಕಾರ್ಡಿಸ್ಟ್ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿ, ಒಂದು ನಿಮಿಷ ಕೋಣೆಯ ಸದ್ದನ್ನು ಹಿಡಿದರು. ಸಾವಿರಾರು ಹುಳುಗಳು ಸೊಪ್ಪು ಮೇಯುತ್ತಿದ್ದವು. ಶೀಟಿನ ಮೇಲೆ ಸಣ್ಣ ಮಳೆ ಬಿದ್ದಂಥ ಸದ್ದು. ಅವರು ಹೆಡ್‌ಫೋನ್ ತೆಗೆದು ಕಣ್ಣುಜ್ಜಿಕೊಂಡರು.

"ಕೇಳೋಕೆ ಚೆನ್ನಾಗಿದೆ. ಇದರ ಮೇಲೆ ನಿನ್ನ ಪಿಸುಮಾತು ಕೇಳಿಸಲ್ಲ."

"ಇವು ಯಾವಾಗ ಸುಮ್ಕಿರ್ತವೆ ಅಕ್ಕ?" ಎಂದೆ.

"ಜ್ವರಕ್ಕೆ ಕುಂತಾಗ. ಪೊರೆ ಬುಡೋ ಹೊತ್ನಾಗೆ ಸೊಪ್ಪು ಮುಟ್ಟಲ್ಲ, ಅಲ್ಲಾಡಲ್ಲ, ನಾವೂ ಮುಟ್ಟಂಗಿಲ್ಲ. ಈ ಬೆಳೇಲಿ ನಾಕನೇ ಜ್ವರನೂ ಎದ್ದಾಯ್ತು. ಇನ್ನು ಮುಂದಿನ್ ಬೆಳೇಗೆ."

"ಹಾಗಾದರೆ ಮುಂದಿನ ಬೆಳೆಯ ಜ್ವರದ ದಿನ," ಎಂದು ರೆಕಾರ್ಡಿಸ್ಟ್ ಆಗಲೇ ಮೈಕು ಸುತ್ತತೊಡಗಿದರು. ಅವರಿಗೆ ಮನೆಗೆ ಹೋಗಬೇಕಿತ್ತು. ನಮಗೆಲ್ಲರಿಗೂ ಹೋಗಬೇಕಿತ್ತು.

ಪರ್ಮಿಷನ್ ಕೇಳುವ ಸರದಿ ನನ್ನದು. ನಾನು ಕೇಳಲಿಲ್ಲ, ಮಿಮಿಕ್ರಿ ಮಾಡಿದೆ. ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು, ನೂಲು ತೆಗೆಯಲು ಗೂಡು ಕೊಳ್ಳಬಂದು ಅದನ್ನು ಹಿಚುಕಿ ಮುಖ ಸಿಂಡರಿಸುವ ರೀಲರ್, ಕೊನೆಗೆ ಹೊರಗೆ ನಿಂತು ತನ್ನ ಕಂಕುಳನ್ನೇ ಮೂಸಿ ನೋಡುತ್ತಿದ್ದ ಕ್ಯಾಮೆರಾಮನ್. ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು.

"ಅಕ್ಕ, ಒಂದು ದಿನ. ಒಸಿ ಲೈಟು, ಅಷ್ಟೇ."

"ಒಸಿ ತಾನೆ? ಬನ್ನಿ ಬನ್ನಿ. ನಿಂಗೆ ಇಲ್ಲ ಅನ್ನಕ್ಕಾಯ್ತದಾ?"

ಹೊರಗೆ ಬಂದು ಕ್ಯಾಮೆರಾಮನ್‌ನನ್ನು ಕೇಳಿದೆ, ಒಸಿ ಅಂದರೆ ಎಷ್ಟು?

"ಕಿಟಕಿಯಿಂದ ಎರಡು ದೊಡ್ಡವು, ಒಳಗೊಂದು. ತಾಟು ಬಲೆ ಎಲ್ಲ ಬಿಚ್ಚಬೇಕು. ಮನೆ ಲೈನು ಸಿಂಗಲ್ ಫೇಸು, ತಡೆಯಲ್ಲ. ತ್ರೀ ಫೇಸು ಪಂಪ್‌ಸೆಟ್ಟಿಗೆ ಬರೋದೇ ಕೆಲವು ಗಂಟೆ, ಒಂದು ವಾರ ಹಗಲು, ಒಂದು ವಾರ ರಾತ್ರಿ. ಜನರೇಟರ್ರೇ ಗತಿ. ಓಣಿ ಚಿಕ್ಕದು, ಗೋಡೆ ಪಕ್ಕಾನೇ ನಿಲ್ಲಿಸಬೇಕು."

"ಹೊಗೆ?"

"ಜನರೇಟರ್ ಕಣಪ್ಪ, ಊದುಬತ್ತಿ ಅಲ್ಲ. ಓಕೆ ಅಂತ ಬರಿ, ಹೋಗೋಣ. ಪರ್ಮಿಷನ್ ಸಿಕ್ತಲ್ಲ."

ವಾಪಸು ಬರುವಾಗ ಇಬ್ಬರೂ ನಿದ್ದೆ ಹೋದರು. ನಾನು ಫೋನಿನಲ್ಲಿ 'ಓಕೆ' ಎಂದು ಹೊಡೆದು, ಅಳಿಸಿ, ಮತ್ತೆ ಹೊಡೆದೆ. ಸೆಂಟಿನ ವಾಸನೆಯನ್ನೇ ಒಳಗೆ ಬಿಡದ ಹೆಂಗಸು. ಹುಳು ಅಲ್ಲಾಡದೆ ಮಲಗುವ ದಿನವನ್ನೇ ನೋಡಿಕೊಂಡು, ಅವರ ಗೋಡೆಗೆ ಡೀಸೆಲ್ ಹೊಗೆ ತಂದು ನಿಲ್ಲಿಸುವವರು ನಾವು. ಬೆಳೆ ಹೋದರೆ ನನ್ನ ಮಿಮಿಕ್ರಿ ಅವರಿಗೆ ಏನು ಕೊಟ್ಟೀತು? ರಾಮನಗರ ದಾಟುವಷ್ಟರಲ್ಲಿ ಕಳಿಸಿದೆ:

'ಬೆಳಕು: ನಮಗೆ ಬೇಕಾದಷ್ಟು ಹುಳಕ್ಕೆ ಆಗದು. ಸದ್ದು: ಹುಳು ಜ್ವರಕ್ಕೆ ಕೂತ ದಿನ ಮಾತ್ರ ಸರಿ, ಅಂದೇ ಅದನ್ನು ಮುಟ್ಟಬಾರದು. ಕರೆಂಟು: ಜನರೇಟರ್ ಗೋಡೆಗೆ ಅಂಟಿ ನಿಲ್ಲಬೇಕು, ಹೊಗೆ ಒಳಗೆ ಹೋಗುತ್ತದೆ. ಪರ್ಮಿಷನ್: ಕೊಟ್ಟಿದ್ದಾರೆ. ಒಸಿ ಲೈಟು ಎಂದು ನಾನು ಸುಳ್ಳು ಹೇಳಿದ್ದಕ್ಕೆ ಕೊಟ್ಟಿದ್ದಾರೆ. ಬೇಡ.'

ನಿರ್ದೇಶಕರು ಕೂಡಲೇ ಫೋನ್ ಮಾಡಿದರು. "ಇದು ನಿನ್ನ ಸೀನು ಕಣಯ್ಯ. ಗೊತ್ತಲ್ಲ?"

"ಗೊತ್ತು ಸಾರ್."

"ಖಾಲಿ ಶೆಡ್‌ನಲ್ಲಿ ತೆಗೆದರೆ ನನಗೆ ಬೇಡ. ಹುಳ ಇಲ್ಲ ಅಂದ್ರೆ ಆ ಅಪ್ಪನೂ ಇಲ್ಲ."

"ಸರಿ ಸಾರ್."

ಅವರದೇ ದನಿಯಲ್ಲಿ 'ಸರಿ' ಅನ್ನಬಹುದಿತ್ತು. ಆಯಾಸವಾಗಿತ್ತು, ನನ್ನ ದನಿಯಲ್ಲೇ ಅಂದೆ. ಅಂತಿಮ ಸ್ಕ್ರಿಪ್ಟಿನಲ್ಲಿ ಆ ಮಗ ಇಲ್ಲ. ಬಸ್ಸಿನ ಸೀನೊಂದರಲ್ಲಿ ನನಗೆ ಒಂದು ಮಾತು ಕೊಟ್ಟಿದ್ದಾರೆ: 'ಚನ್ನಪಟ್ಟಣ ಒಂದು ಕೊಡಿ.' ಕ್ಯಾಮೆರಾ ಇರುವುದು ಕಂಡಕ್ಟರ್ ಮೇಲೆ.