‘ಒಪ್ಕೋ’ ಅನ್ನಬೇಡಿ

ವರ್ಷಗಟ್ಟಲೆ ನೋವುಂಡು ಮನಸ್ಸೂ ಕುಗ್ಗಿಹೋದವರ ಜೊತೆ ಕೆಲಸ ಮಾಡುವುದು ಹೇಗೆ ಎಂದು ಹೊಸ ಆಪ್ತಸಮಾಲೋಚಕರಿಗೆ ಕಲಿಸಲು ಒಂದು ಕೈಪಿಡಿ ಬರುತ್ತಿದೆ. ಅದರಲ್ಲಿ ಒಂದು ಅಧ್ಯಾಯ ನನ್ನ ಪಾಲಿಗೆ ಬಂತು. ಕೊಪ್ಪಳದ ಆಸ್ಪತ್ರೆಯಲ್ಲಿ ಇದೇ ಕೆಲಸ ಮಾಡಿ ನನ್ನ ತಲೆ ಹಣ್ಣಾಗಿದೆ, ಬರೆದುಕೊಟ್ಟೆ. ಅಧ್ಯಾಯ ತಿರುಗಿ ಬಂತು. ‘ಒಪ್ಪಿಕೊಳ್ಳುವುದು’ ಎಂಬ ಪದ ಎಲ್ಲೂ ಇಲ್ಲವಲ್ಲ, ಈ ಚಿಕಿತ್ಸೆಯ ಹೆಸರೇ ಅದಲ್ಲವೇ ಎಂದು ಮೇಲಿನವರು ಕೇಳಿದ್ದರು. ಹೆಸರು ಅದೇ, ಒಪ್ಪಿಗೆ ಮತ್ತು ಬದ್ಧತೆಯ ಚಿಕಿತ್ಸೆ. ಆದರೂ ಆ ಪದವನ್ನು ನಾನು ಹಾಕುವುದಿಲ್ಲ. ಯಾಕೆ ಅನ್ನುತ್ತೀರಾ, ಕೇಳಿ.

ಯಲಬುರ್ಗಾ ಕಡೆಯ ಒಬ್ಬ ಹೆಂಗಸು ಬರುತ್ತಿದ್ದಳು. ಹೆರಿಗೆಯಾದಂದಿನಿಂದ ಸೊಂಟನೋವು. ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ, ಅಪಾಯವೇನಿಲ್ಲ, ಆಪರೇಷನ್ನಿನಿಂದ ಹೋಗುವ ನೋವೂ ಅಲ್ಲ ಅಂದಿದ್ದರು. ಮನೋವೈದ್ಯರು ಕುಗ್ಗಿದ ಮನಸ್ಸಿಗೆ ಮಾತ್ರೆ ಕೊಟ್ಟು ನನ್ನ ಹತ್ತಿರ ಕಳಿಸಿದ್ದರು. ಗಂಡ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಮನೆಗೆ ಬರುವವ. ಹೀಗಾಗಿ ಅವಳ ಜೊತೆ ಬರುತ್ತಿದ್ದದ್ದು ಅತ್ತೆ. ನಾನು ಹೊರಗೆ ಕೂಡ್ರಿ ಅಂದರೂ ಬಾಗಿಲ ಸಂದಿಯಲ್ಲೇ ಕೂತು ಕೇಳಿಸಿಕೊಳ್ಳುವ ಗಟ್ಟಿ ಹೆಂಗಸು.

ನೋವು ಹೋಗಲಿ ಅಂತ ಏನೇನು ಮಾಡಿದೆ ಎಂದು ಮೊದಲು ಕೇಳಿದೆ. ಎಣ್ಣೆ, ಪಟ್ಟು, ಇಂಜೆಕ್ಷನ್, ಹರಕೆ, ಹಗಲೆಲ್ಲ ಮಲಗುವುದು. ಆಯಾ ಹೊತ್ತಿಗೆ ಒಂದಿಷ್ಟು ಹಗುರಾಗುತ್ತಿತ್ತು, ನೋವು ಮಾತ್ರ ಇದ್ದಲ್ಲೇ ಇತ್ತು. ಅಷ್ಟರಲ್ಲಿ ಬಾಳು ಒಂದು ಚಾಪೆಯಷ್ಟಾಗಿತ್ತು.

“ನೋವು ಇರದಿದ್ರ ಏನ್ ಮಾಡ್ತಿದ್ದಿ ತಂಗಿ?” ಎಂದೆ.

ಅವಳು ತಡವರಿಸಲಿಲ್ಲ. “ಹಿಟ್ನಾಳಕ್ಕ ಹೋಗಿ ನಮ್ಮವ್ವನ ತಲಿ ಹಿಕ್ಕತಿದ್ದೆ. ಲಕ್ವಾ ಹೊಡದು ಮಲಗ್ಯಾಳ್ರಿ. ನನ್ನ ಕೈಲಿಂದ ಬಾಚಿಸ್ಕೊಳ್ಳೂದಂದ್ರ ಅಕಿಗೆ ಭಾಳ ಸೇರ್ತೈತಿ.”

ಇದೇ ಈ ಚಿಕಿತ್ಸೆಯ ಬೇರು. ನೋವು ಹೋದ ಮೇಲೆ ಬದುಕೋಣ ಅನ್ನುವುದಲ್ಲ, ಬದುಕಿನಲ್ಲಿ ನಿನಗೆ ಬೇಕಾದ್ದು ಯಾವುದು ಎಂದು ಮೊದಲು ಹುಡುಕಿ, ಆ ಕಡೆಗೆ ನೋವನ್ನೂ ಕರಕೊಂಡು ಒಂದು ಸಣ್ಣ ಹೆಜ್ಜೆ ಇಡುವುದು. ಅವತ್ತು ಈ ಚಿಕಿತ್ಸೆಯ ಇಂಗ್ಲಿಷ್ ಪುಸ್ತಕದ ಕನ್ನಡ ಅನುವಾದದಲ್ಲಿ ಇದ್ದಂತೆಯೇ ಹೇಳಿದೆ. ನೋವಿನ ಜೊತೆ ಗುದ್ದಾಡುವುದನ್ನು ಬಿಡು, ಅದು ಇದೆ ಅಂತ ಒಪ್ಪಿಕೋ. ಬಾಗಿಲ ಸಂದಿಯಲ್ಲಿದ್ದ ಅತ್ತೆಗೆ ಅಷ್ಟು ಸಾಕಾಯಿತು.

ಮುಂದಿನ ಸಲ ಬಂದಾಗ ಅವಳಿಗೆ ಕುರ್ಚಿಯಲ್ಲಿ ಕೂಡಲು ಆಗಲಿಲ್ಲ, ಗೋಡೆ ಹಿಡಿದು ನಿಂತಳು. ದಿನಾ ಹೊಲಕ್ಕೆ ಕಳೆ ತೆಗೆಯಲು ಕಳಿಸಿದ್ದರಂತೆ. ಬಗ್ಗಿ ಬಗ್ಗಿ ಸೊಂಟ ಹಿಡಿದು ನಿಂತರೆ ಅತ್ತೆ ಬದುವಿನಿಂದಲೇ ಕೂಗುತ್ತಿದ್ದಳಂತೆ, “ಒಪ್ಕೋ. ಡಾಕ್ಟ್ರಮ್ಮ ಏನ್ ಹೇಳ್ಯಾಳ? ಒಪ್ಕೋ ಅಂದಾಳಿಲ್ಲ?” ಓಣಿಯ ಹುಡುಗರೂ ಅವಳನ್ನು ಕಂಡರೆ ‘ಒಪ್ಕೋ’ ಅನ್ನುವುದನ್ನು ಕಲಿತಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಸೀಮೆಯಲ್ಲಿ ಆ ಪದ ಯಾವತ್ತೂ ಹೆಣ್ಣುಮಕ್ಕಳಿಗೇ ಹೇಳುವಂಥದ್ದು. ವರ ಹಿಡಿಸದಿದ್ದರೆ ಒಪ್ಕೋ, ಗಂಡ ಹೊಡೆದರೆ ಒಪ್ಕೋ. ಅನುವಾದ ಮಾಡಿದ ಪುಣ್ಯಾತ್ಮರು ಅದೇ ಪದವನ್ನು ಚಿಕಿತ್ಸೆಗೂ ಅಂಟಿಸಿ ಕಳಿಸಿದ್ದರು.

ಅತ್ತೆಯನ್ನು ಒಳಗೆ ಕರೆದೆ. “ಅಮ್ಮಾರ, ನಾ ಹೇಳಿದ್ದು ಅಕಿ ತನಗ ಬೇಕಾದ ಕೆಲಸಾನ ತಾನಾಗೇ ಮಾಡೂದು. ಇನ್ನೊಬ್ಬರು ಮಾಡ್ಸಿದ್ರ ಅದು ಚಿಕಿತ್ಸಾ ಅಲ್ಲ, ಜೀತ. ಹೊಲದಾಗ ದುಡಿಸಾಕ ನನ್ನ ಹೆಸರು ಹೇಳಬ್ಯಾಡ್ರಿ.”

ಮುದುಕಿ ನನ್ನನ್ನು ನೆಟ್ಟಗೆ ನೋಡಿದಳು. “ನನ್ನ ಮೊಣಕಾಲು ನೋಡ್ರಿ,” ಎಂದು ಸೀರೆ ಎತ್ತಿ ತೋರಿಸಿದಳು. ಎರಡೂ ಬಾತು ಸೊಟ್ಟಗಾಗಿದ್ದವು. “ಲಗ್ನಾಗಿ ಬಂದಾಗಿಂದ ಒಪ್ಕೊಂಡ ಬಂದೀನಿ. ನಿನಗೇನ್ ಬೇಕಬೇ ಅಂತ ನನ್ನ ಯಾವ ಡಾಕ್ಟ್ರೂ ಕುರ್ಚಿ ಮ್ಯಾಲ ಕುಂದ್ರಿಸಿ ಕೇಳಲಿಲ್ಲ. ಇಕಿಗೊಬ್ಬಾಕಿಗೆ ಯಾಕ್ರಿ?”

ನನಗೆ ಅಯ್ಯೋ ಅನಿಸಿತು. ಆದರೂ ಸಿಟ್ಟು ಇಳಿಯಲಿಲ್ಲ.

ಅಂದಿನಿಂದ ಆ ಪದವನ್ನು ಬಿಟ್ಟು ‘ಜಾಗ ಕೊಡು’ ಅಂದೆ. ಯಲಬುರ್ಗಾ ಬಸ್ಸಿನಲ್ಲಿ ಪಕ್ಕಕ್ಕೆ ಯಾರೋ ಬೇಡಾದವರು ಬಂದು ಕೂತರೆ ಅದಕ್ಕಾಗಿ ನಾವು ನಡುದಾರಿಯಲ್ಲಿ ಇಳಿಯುವುದಿಲ್ಲ. ಸರಿದು ಕೂತು ನಮ್ಮ ಊರಿಗೆ ಹೋಗುತ್ತೇವೆ. ನೋವಿಗೂ ಅಷ್ಟೇ ಮಾಡು, ಅದನ್ನು ಪ್ರೀತಿಸಬೇಕಾಗಿಲ್ಲ ಎಂದೆ. ಕಣ್ಣು ಮುಚ್ಚಿ ಸೊಂಟದಲ್ಲಿ ನೋವು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ, ಉರಿಯೋ ಸೆಳೆತವೋ ಎಂದು ಗಮನಿಸಿದಳು. ‘ನಾ ದಂಡ’ ಅನ್ನುವುದು ಅವಳ ಬಾಯಲ್ಲಿ ಸದಾ ಇದ್ದ ಮಾತು. ಅದನ್ನು ‘ನಾ ದಂಡ ಅನ್ನೋ ವಿಚಾರ ಬಂತು’ ಎಂದು ಹೇಳಿ ನೋಡು ಅಂದೆ. ಹೇಳಿದಳು, ಮತ್ತೊಮ್ಮೆ ಹೇಳಿದಳು. “ಅದು ನಮ್ಮತ್ತಿ ಧ್ವನಿಯಾಗ ಬರ್ತೈತ್ರಿ,” ಎಂದು ನಕ್ಕಳು. ನನ್ನ ಮುಂದೆ ಅವಳು ನಕ್ಕಿದ್ದು ಅದೊಂದೇ ಸಲ.

ಹೆಜ್ಜೆಯನ್ನೂ ಅವಳೇ ಗೊತ್ತು ಮಾಡಿದಳು. ಆಸ್ಪತ್ರೆಗೆ ಬಂದ ದಿನವೇ ಕೊಪ್ಪಳದಿಂದ ಹಿಟ್ನಾಳದ ಬಸ್ಸು ಹತ್ತುವುದು, ಅವ್ವನ ತಲೆ ಬಾಚುವುದು, ನಾನು ಹೇಳಿದಂತೆ ನಡುವೆ ಎದ್ದು ನಾಲ್ಕು ಹೆಜ್ಜೆ ಅಡ್ಡಾಡುವುದು, ಸಂಜೆಗೆ ತಿರುಗಿ ಬರುವುದು. ಹಿಟ್ನಾಳವೇನು ಕಾಶಿಯೇ? ಹೆದ್ದಾರಿಯಲ್ಲಿ ಕೂತರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬರುತ್ತದೆ.

ಅತ್ತೆ ಬಿಡಲಿಲ್ಲ. “ಬಸ್ಸಿನ್ಯಾಗ ಕುಂತ್ರ ಸೊಂಟ ಹಿಡಿತೈತಿ. ಮೊದ್ಲ ಆರಾಮಾಗ್ಲಿ, ಆಮ್ಯಾಲ ತವರುಮನಿ,” ಅಂದಳು. ಹೊಲಕ್ಕೆ ಹೋಗುವಾಗ ಇಲ್ಲದ ಸೊಂಟ ಹಿಟ್ನಾಳಕ್ಕೆ ಹೊರಟಾಗ ಹುಟ್ಟಿಕೊಳ್ಳುತ್ತಿತ್ತು. ಗಂಡನಿಗೆ ಫೋನ್ ಮಾಡಿದೆ. “ಅವ್ವ ಹೇಳಿದಂಗರಿ ಮೇಡಂ,” ಎಂದು ಇಟ್ಟುಬಿಟ್ಟ. ಪ್ರತಿ ಸಲ ಅತ್ತೆ ಸೊಸೆಯ ರಟ್ಟೆ ಹಿಡಿದು, ನಿಂತ ಹಿಟ್ನಾಳದ ಬಸ್ಸಿನ ಮುಂದೆಯೇ ನಡೆಸಿಕೊಂಡು ಯಲಬುರ್ಗಾ ಬಸ್ಸು ಹತ್ತಿಸುತ್ತಿದ್ದಳು.

ಆಮೇಲೆ ಕೆಲವು ವಾರ ಅವರು ಬರಲಿಲ್ಲ. ಬಂದಾಗ ಅವಳು ಒಬ್ಬಳೇ ಬಂದಿದ್ದಳು. ಕುರ್ಚಿಯಲ್ಲಿ ಕೂತು ಒಂದೇ ಸಮನೆ ಹೇಳಿದಳು.

“ಅತ್ತಿ ಫೋನ್ ಇಟ್ಟು, ನಿಮ್ಮವ್ವ ಹೋದ್ಲಂತ ಅಂದ್ಲರಿ. ನಾ ಅಳಾಕ ಹತ್ತಿದೆ. ಒಪ್ಕೋ, ನಿಮ್ಮ ಡಾಕ್ಟ್ರಮ್ಮ ಕಲಿಸ್ಯಾಳಲ್ಲ ಅಂದ್ಲು.”

ಆ ಮುದುಕಿ ಅಲ್ಲಿ ಇದ್ದಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ, ಆಸ್ಪತ್ರೆಯಲ್ಲಿ ಆಡುವ ಮಾತಂತೂ ಅಲ್ಲ.

“ಆವತ್ತು ಹಿಟ್ನಾಳಕ್ಕ ತಾನಾ ಕಳಿಸಿದ್ಲರಿ, ಮಂದಿ ಏನಂದಾರು ಅಂತ. ಬಸ್ಸಿನ್ಯಾಗ ಸೊಂಟ ಹಿಡೀತು. ಇರ್ಲಿ ಬಾ, ಕೂಡು ಅಂದೆ. ಮಣ್ಣಿಗೆ ಒಯ್ಯೂ ಮುಂದ ಅವ್ವನ್ನ ಗ್ವಾಡಿಗೆ ಆನಿಸಿ ಕುಂದ್ರಿಸಿದ್ರು. ಬಾಜೂಕ ಕುಂತು ತಲಿ ಹಿಕ್ಕಿದೆ. ಸಿಕ್ಕೆಲ್ಲಾ ಬಿಡಿಸಿ, ಎಣ್ಣಿ ಹಚ್ಚಿ, ಹೆರಳು ಹಾಕಿದೆ. ನಡುವ ಎದ್ದು ಅಡ್ಡಾಡಿ ಬಂದೆ, ನೀವು ಹೇಳಿದಂಗ. ಅಳೂದು ಬಿಟ್ಟು ಅಡ್ಡಾಡ್ತಾಳ ಅಂತ ಮಂದಿ ಬೈದ್ರು. ಆದ್ರೂ ಪೂರಾ ಮಾಡಿದೆರಿ.”

ಅವಳು ನನ್ನ ಮುಖ ನೋಡಿದಳು, ಶಹಬ್ಬಾಸ್ ಅಂತೀನೋ ಎಂದು ಕಾಯುವವಳ ಹಾಗೆ.

“ಎಲ್ಲಾ ನೀವು ಕಲಿಸಿದಂಗ ಮಾಡಿದೆರಿ. ಅವ್ವಗ ಗೊತ್ತಾಗ್ಲಿಲ್ಲ.”