ಎರಡನೇ ಕಡ್ಡಿ

ಅಂದಾಜು ಹೇಳುವ ಚಟ ನನಗೆ ಮೊದಲಿನಿಂದಲೂ ಇದೆ. ಕುಷ್ಟಗಿ ಬಸ್ಸು ಎಷ್ಟೊತ್ತಿಗೆ ಬರುತ್ತದೆ, ಪಕ್ಕದ ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆ, ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ. ಹೆಚ್ಚಿನವು ಸರಿಯೇ ಆಗುತ್ತವೆ. ಕೇಡು ಅಲ್ಲೇ ಶುರುವಾಗುವುದು.

ಕೊಪ್ಪಳದಲ್ಲಿ ನನ್ನ ಕೆಲಸ ಜನರ ಮನೆಯ ಹಳೆಯ ಕಾಗದಗಳ ಫೋಟೊ ತೆಗೆದು, ಓದಿ, ಟೈಪು ಮಾಡಿಕೊಡುವುದು. ಗೆದ್ದಲು ತಿಂದದ್ದು, ಎಣ್ಣೆ ಕುಡಿದದ್ದು, ಮಡಚಿದಲ್ಲೇ ಹರಿದದ್ದು, ಎಲ್ಲ ನನ್ನ ಮೇಜಿಗೇ ಬರುತ್ತವೆ. ಮಡಿಕೆ ಬಿಚ್ಚಿದರೆ ಮುರಿಯುವ ಹಾಳೆಯನ್ನು ನಾನು ಒಂದೇ ಫೋಟೊದಲ್ಲಿ ತೆಗೆಯುವುದಿಲ್ಲ. ಮಗ್ಗುಲಿಗೆ ಅಳತೆಪಟ್ಟಿ ಇಟ್ಟು, ಎಡಭಾಗ, ನಡುಭಾಗ, ಬಲಭಾಗ ಎಂದು ಒಂದರ ಅಂಚು ಇನ್ನೊಂದರಲ್ಲಿ ಬರುವ ಹಾಗೆ ತುಂಡು ತುಂಡಾಗಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಜೋಡಿಸುತ್ತೇನೆ. ಜೋಡಿಸಿದ ಜಾಗದಲ್ಲಿ ಚುಕ್ಕೆಗೆರೆ ಎಳೆಯುತ್ತೇನೆ. ಟೈಪು ಮಾಡುವಾಗ ಅಕ್ಷರ ಇಲ್ಲದ ಕಡೆ ಬೂದು ಬಣ್ಣ, ನಾನು ಊಹಿಸಿದ್ದು ಕೆಂಪಕ್ಷರ. ಅದರ ವಿವರ ಮೊದಲ ಪುಟದಲ್ಲಿ. ಎಷ್ಟು ಚೊಕ್ಕ ಕೆಲಸ ಎಂದು ನನಗೇ ನಾನು ಬೆನ್ನು ತಟ್ಟಿಕೊಂಡಿದ್ದೆ, ಹುಚ್ಚಿ!

ಕುಕನೂರಿನ ಕಡೆಯ ಒಂದು ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ತಂದೆಯ ಔಷಧದ ವಹಿಯನ್ನು ಟವಲಿನಲ್ಲಿ ಸುತ್ತಿಕೊಂಡು ಬಂದಳು. ತಂದೆ ನಾಟಿ ವೈದ್ಯರು, ತೀರಿಹೋಗಿ ಬಹಳ ದಿನವಾಗಿತ್ತು. ಅವಳ ಗಂಡನಿಗೆ ಮೊಣಕಾಲು ನೋವು, ಕುಂತರೆ ಏಳಲಾಗದು. ತಂದೆ ಕೊಡುತ್ತಿದ್ದ ಗುಳಿಗೆಯ ವಿಧಾನ ವಹಿಯಲ್ಲಿದೆ, ಆದರೆ ಆ ಹಾಳೆಯೇ ನಾಲ್ಕು ಮಡಿಕೆಯಾಗಿ ಹರಿದಿದೆ.

"ಅಕ್ಕಾರ, ನಮ್ಮಪ್ಪ ಏನ ಬರದಾನೋ ಅಷ್ಟ ಬೇಕ್ರಿ. ಹೆಚ್ಚು ಬ್ಯಾಡ, ಕಮ್ಮಿ ಬ್ಯಾಡ," ಅಂದಳು.

ಆ ಗುಳಿಗೆಯಲ್ಲಿ ಬಚನಾಗದ ಬೇರಿತ್ತು. ಅದು ವಿಷ. ಶುದ್ಧಿ ಮಾಡುವ ಕ್ರಮ ಹಾಳೆಯ ಮೇಲ್ಗಡೆ ಸ್ವಚ್ಛವಾಗಿಯೇ ಇತ್ತು. ಎಷ್ಟು ತೊಲ ಹಾಕಬೇಕು ಎಂಬುದು ಮಾತ್ರ ಮಡಿಕೆಯ ಮೇಲೇ ಬಿದ್ದಿತ್ತು. ಹಳಬರು ಕಾಲು ಎನ್ನಲು ಒಂದು ನಿಂತ ಕಡ್ಡಿ ಎಳೆಯುತ್ತಿದ್ದರು, ಅರ್ಧ ಎನ್ನಲು ಎರಡು. ಮಡಿಕೆಯ ಎಡಗಡೆ ಒಂದು ಕಡ್ಡಿ ನಿಚ್ಚಳವಾಗಿತ್ತು. ಬಲಗಡೆಯ ಫೋಟೊದಲ್ಲಿ, ಹರಿದ ಅಂಚಿಗೆ ಒತ್ತಿಕೊಂಡು, ಇನ್ನೊಂದು ಕಪ್ಪು ಗೆರೆ. ಎರಡು ಫೋಟೊ ಜೋಡಿಸಿದಾಗ ಎರಡೂ ಅಕ್ಕತಂಗಿಯರಂತೆ ನಿಂತವು. ನಾನು 'ಅರ್ಧ' ಎಂದು ಕೆಂಪಿನಲ್ಲಿ ಬರೆದೆ. ವಹಿಯನ್ನು ಅವಳ ಕೈಗಿತ್ತು, ಫೈಲನ್ನು ಅವಳ ಮೊಬೈಲಿಗೆ ಕಳಿಸಿದೆ. "ಕೆಂಪು ಇದ್ದದ್ದು ನನ್ನ ಅಂದಾಜು, ನೋಡವಾ," ಎಂದು ಹೇಳಿಯೂ ಇದ್ದೆ. ಅವಳು ಹೂಂ ಅಂದಳು. ಬಸ್ಸು ಹಿಡಿಯುವ ಅವಸರದಲ್ಲಿದ್ದಳು.

ಎಂಟು ದಿನ ಕಳೆದಿರಬೇಕು. ಮುಂಜಾನೆ ಹತ್ತರ ಹೊತ್ತಿಗೆ ಹಳೆಯ ಫೋಟೊಗಳನ್ನು ಹೊಂದಿಸಿಡುತ್ತಿದ್ದೆ. ಹರಿದ ಹಾಳೆಯ ಪ್ರತಿ ತುಂಡನ್ನೂ ನಾನು ಎರಡು ಸಲ ತೆಗೆಯುತ್ತೇನೆ, ದೀಪ ಒಮ್ಮೆ ಎಡಕ್ಕಿಟ್ಟು, ಒಮ್ಮೆ ಬಲಕ್ಕಿಟ್ಟು. ಆವತ್ತು ಗುಳಿಗೆಯ ಹಾಳೆಗೆ ಎಡಗಡೆ ದೀಪದ ಫೋಟೊಗಳನ್ನಷ್ಟೇ ಜೋಡಿಸಿದ್ದೆ. ಬಲಗಡೆ ದೀಪದ್ದನ್ನು ಈಗ ತೆರೆದರೆ ಒಂದೇ ಕಡ್ಡಿ ಇತ್ತು. ಎರಡನೆಯದು ಇರಲೇ ಇಲ್ಲ.

ಕಣ್ಣುಜ್ಜಿಕೊಂಡು ದೊಡ್ಡದು ಮಾಡಿ ನೋಡಿದೆ. ಹರಿದ ಅಂಚು ತುಸು ಮೇಲೆದ್ದು ನಿಂತಿತ್ತು. ಎಡದಿಂದ ಬೆಳಕು ಬಿದ್ದಾಗ ಅದರ ನೆರಳು ಕಾಗದದ ಮೇಲೆ ಗೆರೆಯಾಗಿತ್ತು. ನಾನು ನೆರಳನ್ನು ಓದಿ ಅಳತೆ ಬರೆದಿದ್ದೆ. ಆದರೂ ಕೆಂಪಕ್ಷರ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೇ ಫೋನು ಹಚ್ಚಿದೆ.

"ತಂಗೆವ್ವ, ಆ ಕೆಂಪಕ್ಷರದ್ದು ತಪ್ಪೈತಿ. ಅದನ್ನ ಹಿಡಿಬ್ಯಾಡ."

"ಯಾವ ಕೆಂಪರಿ? ಎಲ್ಲಾ ಕರೇದ ಐತಲ್ರಿ."

ಮೊಬೈಲಿನಲ್ಲಿ ಅಕ್ಷರ ಸಣ್ಣವೆಂದು ಆವತ್ತೇ ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿದ್ದಳು. ಕಲರ್ ಯಾಕೆ ಬೇಕೆಂದು ಕಪ್ಪುಬಿಳುಪಿನಲ್ಲಿ, ಅದೂ ಗುಳಿಗೆಯ ಪುಟ ಒಂದನ್ನೇ. ವಿವರವಿದ್ದ ಮೊದಲ ಪುಟವೂ ಇಲ್ಲ, ಫೋಟೊವೂ ಇಲ್ಲ. ನನ್ನ ಊಹೆ ಅವಳ ಅಪ್ಪನ ಮಾತಿನ ಸಾಲಿನಲ್ಲಿ ಅವನದೇ ಮಾತಾಗಿ ಕುಳಿತಿತ್ತು.

"ಗುಳಿಗಿ ಮಾಡೀಯೇನು?"

"ಮಾಡೇನ್ರಿ. ಇವತ್ತ ಮುಂಜಾನೆ ನಮ್ಮನಿಯವ್ರಿಗೆ ಒಂದ ಕೊಟ್ಟೆ. ನಾಲಿಗಿ ಜುಮು ಜುಮು ಅಂತೈತಿ ಅಂದ್ರು. ಔಷಧ ಹತ್ತಾಕತ್ತೈತಿ ಅಂದೆ ನಾನು."

"ಯವ್ವಾ, ಅದು ಹತ್ತೋದಲ್ಲ, ವಿಷ ಏರೋದು! ಈಗಿಂದೀಗ ಗಾಡಿ ಮಾಡ್ಕೊಂಡು ಕೊಪ್ಪಳದ ದವಾಖಾನಿಗೆ ಬರ್ರಿ. ಉಳಿದ ಗುಳಿಗಿನೂ ತಗೊಂಬಾ," ಎಂದು ಕಿರುಚಿದೆ. ಕಿರುಚಿದ್ದು ಅವಳ ಮೇಲಲ್ಲ, ನನ್ನ ಮೇಲೆ.

ನಾನು ದವಾಖಾನೆಗೆ ಹೋಗಿ ಕಾಯುತ್ತಿದ್ದಂತೆ ಗಂಡನನ್ನು ಟಂಟಂ ಆಟೋದಲ್ಲಿ ಮಲಗಿಸಿಕೊಂಡು ಬಂದರು. ಅವನ ತುಟಿ ಬಿಳಚಿಕೊಂಡಿತ್ತು, ಕೈಬೆರಳು ತನಗೆ ತಿಳಿಯುತ್ತಲೇ ಇಲ್ಲ ಎನ್ನುತ್ತಿದ್ದ. ಎದೆಗೆ ವೈರುಗಳನ್ನು ಅಂಟಿಸಿದರು. ಪರದೆಯ ಮೇಲಿನ ಗೆರೆ ಹದ ತಪ್ಪಿ ಕುಣಿಯುತ್ತಿತ್ತು. ನಾನು ಗೆರೆ ನೋಡಿ ಬದುಕುವವಳು, ಆ ಗೆರೆಯನ್ನು ಮಾತ್ರ ನೋಡಲಾಗಲಿಲ್ಲ.

ಡಾಕ್ಟರು ಪ್ರಿಂಟು ಹಿಡಿದುಕೊಂಡು ಕೇಳಿದರು, "ಇದರಾಗ ಅರ್ಧ ಅಂತೈತಿ. ಖರೇ ಅಳತಿ ಎಷ್ಟ್ರಿ?"

ಅವಳು ನನ್ನ ಮುಖ ನೋಡಿದಳು. ಕಾಲು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮಡಿಕೆಯಲ್ಲಿ ಉದುರಿಹೋದ ಕಾಗದದ ಎಳೆಯಲ್ಲಿ ಏನಿತ್ತೋ, ಯಾರು ಕಂಡಿದ್ದಾರೆ?

"ಗೊತ್ತಿಲ್ಲ," ಅಂದೆ.

"ಮತ್ತ ಬರದೀರಲ್ರಿ!" ಅಂದಳು ಅವಳು. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳದು ಬರೀ ಆಶ್ಚರ್ಯ.

ಮೂರನೇ ದಿನ ಅವನು ಎದ್ದು ಕುಳಿತ. ಗಂಜಿ ಕುಡಿದ. ಅವಳು ವಹಿಯನ್ನು ಮತ್ತೆ ತಂದು ನನ್ನ ಮುಂದಿಟ್ಟಾಗ ಆ ಪುಟವನ್ನು ಹೊಸದಾಗಿ ಟೈಪು ಮಾಡಿದೆ. ಈ ಸಲ ಬಣ್ಣವಿಲ್ಲ. ಚೌಕ ಕಂಸ ಹಾಕಿ, ಅದರೊಳಗೆ ಅಕ್ಷರದಲ್ಲೇ ಬರೆದೆ: 'ಇಲ್ಲಿ ಕಾಗದ ಹರಿದಿದೆ. ಒಂದು ಕಡ್ಡಿ ಕಾಣುತ್ತದೆ. ಮುಂದೆ ಇದ್ದದ್ದು ಗೊತ್ತಿಲ್ಲ. ಈ ಔಷಧ ಮಾಡಬಾರದು.' ಈಗ ಪ್ರತಿ ಪುಟದ ಬುಡದಲ್ಲೂ ಗುರುತುಗಳ ವಿವರ ಹಾಕುತ್ತೇನೆ. ಯಾವ ಹಾಳೆ ಒಂಟಿಯಾಗಿ ಯಾರ ಮನೆಗೆ ಹೋಗುತ್ತದೋ ಹೇಳಲಾಗದು.

ಹಳೆಯ ಪ್ರಿಂಟನ್ನು ನನ್ನೆದುರಿಗೇ ಹರಿದು ಹಾಕು ಎಂದೆ. ಅವಳು ಹರಿಯುತ್ತ ಹರಿಯುತ್ತ ನಿಂತಳು.

"ಅಕ್ಕಾರ, ಅವತ್ತ ಇಂಥವು ಎರಡ ತಗಸಿದ್ದೆ ನೋಡ್ರಿ. ಬಸ್ಸಿನಾಗ ಬಾಜೂಕ ಒಬ್ಬ ಮುದುಕಿ ಕುಂತಿದ್ಲು, ನನಗೂ ಮೊಣಕಾಲ ನೋವು ಅಂದ್ಲು. ಪಾಪ ಅಂತ ಆಕಿಗೊಂದು ಕೊಟ್ಟೆ."

"ಯಾವ ಊರು?"

"ಯಲಬುರ್ಗಿ ಕಡಿ ಅಂದಂಗಾತ್ರಿ. ಹೆಸರು ಕೇಳಲಿಲ್ಲ."

ಯಲಬುರ್ಗಾ ಕಡೆಯ ನಾರುಬೇರು ಮಾರುವ ಗ್ರಂಧಿಗೆ ಅಂಗಡಿಗಳನ್ನೆಲ್ಲ ಸುತ್ತಿದೆ. ಬಚನಾಗ ಕೇಳಿಕೊಂಡು ಮುದುಕಿ ಬಂದರೆ ಕೊಡಬೇಡಿ, ಫೋನು ಮಾಡಿ ಎಂದು ನಂಬರು ಬರೆದಿಟ್ಟು ಬಂದೆ. ಇನ್ನೂ ಯಾರೂ ಮಾಡಿಲ್ಲ. ಮುದುಕಿ ಆ ಹಾಳೆಯನ್ನು ಒಲೆಗೆ ಹಾಕಿರಬಹುದು ಎಂದು ನಮ್ಮ ಮನೆಯವರು ಹೇಳುತ್ತಾರೆ. ಅದು ಅವರ ಅಂದಾಜು. ನಾನು ಏನೂ ಹೇಳುವುದಿಲ್ಲ.