ಅವರು ಫೋಟೋ ಕೇಳಿರಲಿಲ್ಲ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಹೊಸೂರಿನ ಹತ್ತಿರದ ಬೇರಿಕೆಯ ಆ ಮನೆಯಲ್ಲಿ ನನ್ನ ಮುಂದಿಟ್ಟ ತಟ್ಟೆಯಲ್ಲಿ ಇದ್ದದ್ದು ಕೇಸರಿಬಾತೋ ಮೈಸೂರುಪಾಕೋ ಈಗ ಖಚಿತವಿಲ್ಲ. ಡೈರಿ ತೆಗೆದು ನೋಡಿದರೆ ತಿಂಡಿಯ ಸುದ್ದಿಯೇ ಇಲ್ಲ. ನಾನು ಎಷ್ಟು ಚೆನ್ನಾಗಿ ಮಾತಾಡಿದೆ ಎಂಬುದಷ್ಟೇ ಇದೆ. ನನ್ನ ಡೈರಿಯಲ್ಲಿ ನಾನು ಯಾವಾಗಲೂ ನಿಜಕ್ಕಿಂತ ತುಸು ಜಾಣೆ.

ಆ ವರ್ಷ ಕಾಲೇಜಿನಲ್ಲಿ ನನ್ನ ತಾತ್ಕಾಲಿಕ ಕೆಲಸ ಮುಗಿದಿತ್ತು. ಇತಿಹಾಸದಲ್ಲಿ ಎಂ.ಎ., ಮೇಲೊಂದು ಬಿ.ಎಡ್., ಮೂವತ್ತರ ಹತ್ತಿರದ ವಯಸ್ಸು. ಜೂನ್ ಒಳಗೆ ಕೆಲಸ ಸಿಗದಿದ್ದರೆ ಮನೆಯವರ ಎದುರು ನನಗೆ ಹೇಳಲು ಯಾವ ನೆಪವೂ ಉಳಿಯುತ್ತಿರಲಿಲ್ಲ. ಬೇರಿಕೆ ರಸ್ತೆಯ ಖಾಸಗಿ ಶಾಲೆಯೊಂದಕ್ಕೆ ಸಮಾಜ ವಿಜ್ಞಾನದ ಟೀಚರ್ ಬೇಕೆಂಬ ಜಾಹೀರಾತು ಬಂದಾಗ ಅದನ್ನು ಎಷ್ಟು ಸಲ ಓದಿದೆನೋ. ಮೂವತ್ತೈದರೊಳಗಿನವರು, ಹುಟ್ಟಿದ ದಿನಾಂಕ, ವಿದ್ಯಾರ್ಹತೆ, ಅನುಭವ ತಿಳಿಸಿ ಮುಖ್ಯೋಪಾಧ್ಯಾಯಿನಿಗೆ ಅರ್ಜಿ ಕಳಿಸಬೇಕು. ಅಷ್ಟೇ.

ಅತ್ತಿಗೆ ಹೊಸೂರಿನ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಬಂದ ಅರ್ಜಿಗಳನ್ನು ಜರಡಿ ಹಿಡಿಯುವ ಕೆಲಸದಲ್ಲಿದ್ದಾರೆ. ನನ್ನ ಕರಡನ್ನು ನೋಡಿದವರೇ ಪೆನ್ನು ಕೇಳಿದರು.

"ಅಪ್ಪನ ಹೆಸರು ಯಾಕೆ? ಕೆಲಸ ಅಪ್ಪ ಮಾಡ್ತಾರಾ? ಹುಟ್ಟಿದ ತಾರೀಕು ಇರ್ಲಿ, ಅವರೇ ಕೇಳವ್ರೆ. ಮದುವೆ ಆಗಿಲ್ಲ ಅಂತ ಯಾಕೆ ಬರೆದಿದ್ದೀಯ?"

"ಸುಮ್ನೆ, ಪೂರ್ತಿ ಇರ್ಲಿ ಅಂತ."

"ಆಗಿಲ್ಲ ಅಂದ್ರೆ ಮದುವೆ ಮಾಡ್ಕೊಂಡು ಹೋಗ್ಬುಡ್ತಾಳೆ ಅಂತಾರೆ. ಆಗಿದೆ ಅಂದ್ರೆ ಹೆರಿಗೆ ರಜಾ ಕೇಳ್ತಾಳೆ ಅಂತಾರೆ. ಯಾವ ಕಡೆಯಿಂದಲೂ ಲಾಭ ಇಲ್ಲ. ತೆಗಿ. ಫೋಟೋನೂ ತೆಗಿ. ಕೆಲಸ ಕೊಟ್ಟ ಮೇಲೆ ಎಲ್ಲಾ ಕೇಳ್ತಾರೆ, ಆಗ ಕೊಡು."

ಅತ್ತಿಗೆ ಹೇಳಿದ್ದು ನನಗೆ ಮೊದಲೇ ಗೊತ್ತಿತ್ತು ಎಂಬಂತೆ ತಲೆಯಾಡಿಸಿದೆ. ವ್ಯಕ್ತಿಯ ಖಾಸಗಿತನದ ಬಗ್ಗೆ ಒಂದು ಪುಟ್ಟ ಭಾಷಣವನ್ನೂ ಮಾಡಿದೆನೆಂದು ಡೈರಿ ಹೇಳುತ್ತದೆ. ಆಮೇಲೆ ಅಪ್ಪನ ತಂಗಿ, ನಮ್ಮ ಬೇರಿಕೆ ಅತ್ತೆ, ಚೀಲ ತುಂಬ ಹುರುಳಿಕಾಯಿ ಹೊತ್ತು ಮನೆಗೆ ಬಂದರು.

"ಒಂದು ಪೋಟ ಹಾಕಿದ್ರೆ ನಿಂದೇನಮ್ಮಿ ಸವೆದೋಗ್ತದೆ? ಮುಖ ನೋಡ್ದೆ ಯಾರು ಕೆಲ್ಸ ಕೊಟ್ಟಾರು?" ಎಂದರು. "ಆ ಇಸ್ಕೂಲಿನ ಕರೆಸ್ಪಾಂಡೆಂಟು ನಮ್ಮ ಬೀದಿ ಹಿಂದ್ಗಡೆನೇ ಇರೋದು. ನಾನೇ ಕೊಟ್ಟು ಬತ್ತೀನಿ, ಕೊಡಿಲ್ಲಿ."

ಕರೆಸ್ಪಾಂಡೆಂಟ್ ಎಂದರೆ ನಮ್ಮ ಕಡೆ ಖಾಸಗಿ ಶಾಲೆಯ ಆಡಳಿತ ನೋಡಿಕೊಳ್ಳುವವರು. ಅತ್ತೆ ಚೀಲದ ಒಳಜೇಬಿನಿಂದ ನನ್ನದೊಂದು ಫೋಟೋ ತೆಗೆದು, "ಇದಿರ್ಲಿ, ಲಕ್ಷಣವಾಗೈತೆ" ಎಂದು ಕೊಟ್ಟರು. ರೇಷ್ಮೆ ಸೀರೆ, ಮಲ್ಲಿಗೆ, ಸ್ಟುಡಿಯೋದವನು ಗಲ್ಲದ ಮೊಡವೆಯನ್ನು ಅಳಿಸಿದ್ದು ಎಲ್ಲವೂ ಚೆನ್ನಾಗಿತ್ತು. ಖಾಸಗಿತನದ ಭಾಷಣ ಮಾಡಿದವಳು ಆ ಫೋಟೋದ ಮುಂಭಾಗವನ್ನೇ ಬಹಳ ಹೊತ್ತು ನೋಡುತ್ತ ಕೂತೆ. ಮುಖ್ಯೋಪಾಧ್ಯಾಯಿನಿ ಈ ಮುಖವನ್ನು ನೋಡಿದರೆ ಇನ್ನೊಬ್ಬರ ಅರ್ಜಿಯನ್ನು ತೆರೆಯಲಿಕ್ಕಿಲ್ಲ ಎನಿಸಿತು. ಅತ್ತಿಗೆ ಹೊಡೆದು ಹಾಕಿದ್ದ, ಮದುವೆ ಆಗಿಲ್ಲ ಎಂಬ ಸಾಲನ್ನೂ ಮತ್ತೆ ಸೇರಿಸಿದೆ. ಫೋಟೋ ಹಾಕಿದ ಮೇಲೆ ಇದೊಂದನ್ನು ಮುಚ್ಚಿಡುವುದೇಕೆ ಎಂಬುದು ನನ್ನ ತರ್ಕ. ಸ್ಟೇಪ್ಲರ್ ಒತ್ತಿದವಳು ನಾನೇ.

ಮುಂದಿನ ಭಾನುವಾರ ಬರಬೇಕೆಂದು ಕರೆ ಬಂತು. ಅದೂ ಅತ್ತೆಯ ಫೋನಿಗೆ, ಕರೆಸ್ಪಾಂಡೆಂಟರ ಮನೆಗೆ. ಶಾಲೆಯ ಸಂದರ್ಶನ ಭಾನುವಾರ ಮನೆಯಲ್ಲಿ ಯಾಕೆ ಎಂದು ಇತಿಹಾಸ ಓದಿದ ನನಗೆ ಹೊಳೆಯಲಿಲ್ಲ. ಸರ್ಟಿಫಿಕೇಟುಗಳ ಫೈಲನ್ನು ಎದೆಗವಚಿಕೊಂಡು ಅತ್ತೆಯ ಜೊತೆ ಹೋದೆ.

"ವಾಮ್ಮಾ, ಉಟ್ಕಾರು" ಎಂದು ಕರೆಸ್ಪಾಂಡೆಂಟರ ಹೆಂಡತಿ ತಮಿಳಿನಲ್ಲಿ ಕೂರಿಸಿ ತಟ್ಟೆ ಇಟ್ಟರು. ಮೂಲೆಯಲ್ಲಿ ಒಬ್ಬ ಯುವಕ ತಲೆ ತಗ್ಗಿಸಿ ಕೂತಿದ್ದ. ಕಂಪ್ಯೂಟರ್ ಟೀಚರ್ ಇರಬೇಕೆಂದು ನಮಸ್ಕಾರ ಹೇಳಿದೆ. ಅವನು ಗಾಬರಿಯಾಗಿ ಎದ್ದು ಮತ್ತೆ ಕೂತ.

"ಅಡಿಗೆ ಎಲ್ಲಾ ಬತ್ತದಾ?" ಎಂದರು ಆಕೆ.

ಮಕ್ಕಳಿಗೆ ಆಹಾರ ಪದ್ಧತಿಯ ಮೂಲಕ ಪ್ರಾಂತ್ಯಗಳ ಚರಿತ್ರೆಯನ್ನು ಹೇಗೆ ಕಲಿಸಬಹುದೆಂದು ನಾನು ವಿವರಿಸಿದೆ. ಅವರು ಅತ್ತೆಯ ಮುಖ ನೋಡಿದರು. ಅತ್ತೆ ತಟ್ಟೆ ನೋಡಿದರು.

"ಕೆಲಸಕ್ಕೆ ಹೋಗ್ಬೇಕು ಅಂತ ಆಸೆನಾ?" ಎಂದರು ಕರೆಸ್ಪಾಂಡೆಂಟರು.

ಇದು ಸಂಯಮ ಪರೀಕ್ಷಿಸುವ ಪ್ರಶ್ನೆಯೆಂದು ತಿಳಿದು, "ಅದಕ್ಕೇ ಬಂದಿರೋದು ಸಾರ್" ಎಂದು ನಕ್ಕೆ.

"ಹೋಗ್ಲಿ ಬುಡಿ, ಈಗಿನ ಕಾಲ. ನಮ್ಮ ತಂಗಿ ಮಗನಿಗೂ ಬೇಜಾರಿಲ್ಲ. ರೋಹಿಣಿ ನಕ್ಷತ್ರ ಕೂಡಿ ಬತ್ತದೆ ಅಂತ ಜೋಯಿಸರೂ ಹೇಳವ್ರೆ."

ಮೂಲೆಯಲ್ಲಿದ್ದ ಕಂಪ್ಯೂಟರ್ ಟೀಚರ್ ಇನ್ನಷ್ಟು ತಲೆ ತಗ್ಗಿಸಿದ.

"ನಾನು ನಕ್ಷತ್ರ ಬರೆದಿಲ್ಲವಲ್ಲ ಸಾರ್!"

ಅವರು ನನ್ನ ಅರ್ಜಿಯನ್ನು ತಂದು, ಫೋಟೋದ ಹಿಂಬದಿಯನ್ನು ಮೆಲ್ಲಗೆ ಮಗುಚಿ ತೋರಿಸಿದರು. ನೀಲಿ ಪೆನ್ನಿನಲ್ಲಿ ನಕ್ಷತ್ರ, ರಾಶಿ, ಗೋತ್ರ, ಎತ್ತರ. ಗಂಡು ಹುಡುಕಲು ಹಂಚುವ ಪ್ರತಿ ಫೋಟೋದ ಹಿಂದೆಯೂ ಹೀಗೆ ಬರೆದಿಡುವುದು ಅತ್ತೆಯ ಪದ್ಧತಿ. ಫೋಟೋ ಯಾರ ಕೈ ಸೇರಿದರೂ ವಿವರ ಜೊತೆಗೇ ಹೋಗಲಿ ಎಂದು.

"ಮೇಲೆ ಅಪ್ಲಿಕೇಶನ್ ಅಂತ ಬರ್ದಿದೆಯಲ್ಲ ಸಾರ್" ಎಂದೆ.

"ಓದಿದ ಹುಡುಗಿ, ಮದುವೆ ಬಯೋಡೇಟಾನ ಇಂಗೆ ಸ್ಟೈಲಾಗಿ ಬರೆದವ್ಳೆ ಅನ್ಕಂಡೋ ಕಣಮ್ಮ" ಎಂದರು ಅವರು. ಪಾಪ, ನಿಜಕ್ಕೂ ನೊಂದುಕೊಂಡಿದ್ದರು. "ಪೋಟ ಐತೆ, ಮದುವೆ ಆಗಿಲ್ಲ ಅಂತೈತೆ, ದೊಡ್ಡೋರು ಮನೆಗೇ ತಂದುಕೊಟ್ಟವ್ರೆ. ಇನ್ನೇನು ಅನ್ಕೊಳ್ಳಾದು? ಇದು ಇಸ್ಕೂಲಿಗೆ ಹೋಗೇ ಇಲ್ಲ. ನಾಳೆ ಕೊನೆ ದಿನ. ಹೆಡ್ ಮೇಡಂಗೆ ಕೊಟ್ಬುಡು. ನಾನು ಮಧ್ಯೆ ಬರಾಕಿಲ್ಲ."

ಮನೆಗೆ ಬಂದು ಹೇಳಿದಾಗ ಅತ್ತಿಗೆ ಕುಕ್ಕರ್ ಕೂಗಿದರೂ ಒಲೆ ಆರಿಸದೆ ನಕ್ಕರು. ನಕ್ಕು ಮುಗಿದ ಮೇಲೆ ಅರ್ಧ ಪುಟದ ಅರ್ಜಿ ಬರೆಸಿದರು: ಹೆಸರು, ವಿಳಾಸ, ಫೋನ್, ಹುಟ್ಟಿದ ದಿನಾಂಕ, ಓದು, ಪಾಠ ಮಾಡಿದ ತರಗತಿಗಳು, ಬರುವ ಭಾಷೆಗಳು. ಮುಖವಿಲ್ಲದ ಆ ಹಾಳೆ ನನಗೆ ಬೋಳುಬೋಳಾಗಿ ಕಂಡಿತು. ಮರುದಿನ ಬಸ್ಸಿನಲ್ಲಿ ಹೋಗಿ ಶಾಲೆಯ ಆಫೀಸಿನಲ್ಲೇ ಕೊಟ್ಟುಬಂದೆ.

ಸಂದರ್ಶನಕ್ಕೆ ಕರೆದು ಮುಖ್ಯೋಪಾಧ್ಯಾಯಿನಿ ಒಂಬತ್ತನೇ ತರಗತಿಯ ಒಂದು ಪಾಠವನ್ನು ಮಾಡಿಸಿ ನೋಡಿದರು. ಕೊನೆಗೆ, ನಾನು ಕಾಗದದಲ್ಲಿ ಬಿಟ್ಟಿದ್ದನ್ನು ಬಾಯಲ್ಲಿ ಕೇಳಿಯೇಬಿಟ್ಟರು: "ಮದುವೆ ಆಗಿದೆಯಾ?" ಇಲ್ಲವೆಂದೆ. "ವರ್ಷದ ಮಧ್ಯೆ ಬಿಟ್ಟು ಹೋಗಬೇಡಿ" ಎಂದಷ್ಟೇ ಹೇಳಿ, ವೇಳಾಪಟ್ಟಿ ಕೈಗಿತ್ತರು. ಅಷ್ಟು ಹೊತ್ತಿಗೆ ನನ್ನ ಪಾಠವನ್ನು ಅವರು ನೋಡಿಯಾಗಿತ್ತು. 'ಕೇಳ್ತಾರೆ, ಆಗ ಕೊಡು' ಎಂದು ಅತ್ತಿಗೆ ಹೇಳಿದ ಮಾತಿನ ಅರ್ಥ ನನಗಾದದ್ದು ಆಗ.

ಸೇರುವ ದಿನದ ಫಾರಂನಲ್ಲಿ ಎಲ್ಲ ಕಾಲಂಗಳೂ ಇದ್ದವು: ವಯಸ್ಸು, ಅಪ್ಪನ ಹೆಸರು, ವಿವಾಹದ ಸ್ಥಿತಿ, ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ. ಹೊಸದಾಗಿ ತೆಗೆಸಿಕೊಂಡೆ. ಅದರಲ್ಲಿ ಮೊಡವೆ ಹಾಗೇ ಇದೆ.

ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಈಗ ಶಾಲೆ ಬಿಟ್ಟ ಮೇಲೆ ಎಷ್ಟೋ ದಿನ ಅವರ ಮನೆಯಲ್ಲೇ ಕಾಫಿ. ಆದರೂ ಒಂದು ವಿಷಯ ತೀರ್ಮಾನವಾಗಿಲ್ಲ. ಅವರು ಫೋಟೋ ಕೊಡುವಾಗ ಹಿಂಬದಿ ಕೆಳಗಿತ್ತೋ, ಅಥವಾ ನನಗೆ ಕಂಡೂ ನಾನೇ ಗಮನಿಸಲಿಲ್ಲವೋ? ನನ್ನ ನೆನಪನ್ನು ನಾನು ಸಾಕ್ಷಿಗೆ ಕರೆಯಲಾರೆ. ಮೊನ್ನೆ ಅತ್ತೆ ಜಗುಲಿಯಲ್ಲಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಾಗ ಕೇಳಿಯೇಬಿಟ್ಟೆ.

"ಅತ್ತೆ, ಅವತ್ತು ನೀವು ತಗೊಂಡು ಹೋಗಿದ್ದು ಅರ್ಜಿನಾ, ಸಂಬಂಧಾನಾ?"

ಅತ್ತೆ ಒಂದು ದಂಟು ಮುರಿದು, ನಾರು ಎಳೆದು, "ಕಾಫಿಗೆ ಸಕ್ಕರೆ ಸಾಕಾ ನೋಡಮ್ಮಿ" ಎಂದರು.